ಹಪ್ಪಳಕ್ಕೆ ಹಳೆ ಎಣ್ಣೆಯ ವಾಸನೆ ಎಲ್ಲಿಂದ ಬರುತ್ತದೆ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಮಾರ್ಚ್‌ನಲ್ಲಿ ನಾಲ್ಕು ಕೆ.ಜಿ. ಉದ್ದಿನ ಹಪ್ಪಳ, ಮೇ ತಿಂಗಳಲ್ಲಿ ಹಲಸಿನ ಹಪ್ಪಳ ಮಾಡಿದೆ. ಚೆನ್ನಾಗಿ ಒಣಗಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಹಳೆಯ ಬಿಸ್ಕತ್ತಿನ ಡಬ್ಬಗಳಲ್ಲಿ ತುಂಬಿಟ್ಟೆ. ಈಗ ಆಗಸ್ಟ್. ಉದ್ದಿನ ಹಪ್ಪಳ ಬಟ್ಟೆಯ ಹಾಗೆ ಬಗ್ಗುತ್ತದೆ. ದೋಸೆ ಕಾವಲಿಯ ಮೇಲೆ ಸುಟ್ಟರೆ ಅಂಚು ಕರಕಲು, ನಡುವೆ ಹಸಿ, ಬಾಯಿಗಿಟ್ಟರೆ ಹಳೆ ಎಣ್ಣೆಯ ರುಚಿ. ಹಲಸಿನ ಹಪ್ಪಳಕ್ಕೆ ಸೋಪಿನಂಥ ವಾಸನೆ. ಕರಿದು ಡಬ್ಬಕ್ಕೆ ಹಾಕಿದ್ದು ಮಾರನೆ ದಿನಕ್ಕೆ ಮೆತ್ತಗೆ. ಅತ್ತೆ ‘ಬಿಸಿಲಿಗೆ ಹಾಕು’ ಅನ್ನುತ್ತಾರೆ, ಅಕ್ಕ ‘ಫ್ರಿಜ್ಜಿನಲ್ಲಿಡು’ ಅನ್ನುತ್ತಾಳೆ. ಸುಟ್ಟರೆ ಎಣ್ಣೆಯೇ ಇಲ್ಲವಲ್ಲ, ಹಾಗಿದ್ದೂ ಎಣ್ಣೆ ವಾಸನೆ ಯಾಕೆ? ಇರುವುದನ್ನು ಉಳಿಸಿಕೊಳ್ಳಬಹುದೇ?

ಉತ್ತರ: ಸುಟ್ಟರೂ ಎಣ್ಣೆ ವಾಸನೆ ಯಾಕೆ ಅನ್ನುವ ನಿಮ್ಮ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಅದಕ್ಕೆ ಅಂಟಿಕೊಂಡಿದೆ. ಸುಟ್ಟ ಹಪ್ಪಳದಲ್ಲಿ ಎಣ್ಣೆ ಇಲ್ಲ ಅನ್ನುವುದು ನಿಜವಲ್ಲ. ಉದ್ದಿನ ಹಿಟ್ಟನ್ನು ಕುಟ್ಟುವಾಗ ಒನಕೆಗೆ ಎಣ್ಣೆ ಸವರಿದ್ದೀರಿ, ಉಂಡೆಗೆ ಸವರಿದ್ದೀರಿ, ಲಟ್ಟಿಸುವಾಗ ಮಣೆಗೂ ಸವರಿದ್ದೀರಿ. ಹಲಸಿನ ಹಪ್ಪಳವನ್ನು ಎಣ್ಣೆ ಹಚ್ಚಿದ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಒತ್ತಿದ್ದೀರಿ. ಈ ಎಣ್ಣೆ ತೂಕದಲ್ಲಿ ತೀರಾ ಸ್ವಲ್ಪ, ಆದರೆ ಹಪ್ಪಳದ ಎರಡೂ ಮೈ ಮೇಲೆ ತೆಳ್ಳಗೆ ಹರಡಿಕೊಂಡಿರುತ್ತದೆ. ಸೀಸೆಯಲ್ಲಿರುವ ಎಣ್ಣೆಗೆ ಗಾಳಿ ತಾಗುವುದು ಮೇಲ್ಭಾಗದಲ್ಲಿ ಮಾತ್ರ. ಹಪ್ಪಳದ ಮೇಲಿನ ಎಣ್ಣೆಗೆ ಪೂರ್ತಿ ಗಾಳಿ ತಾಗುತ್ತದೆ. ಹಾಗಾಗಿ ಸೀಸೆಯಲ್ಲಿ ತಿಂಗಳುಗಟ್ಟಲೆ ಚೆನ್ನಾಗಿರುವ ಎಣ್ಣೆ ಹಪ್ಪಳದ ಮೇಲೆ ಬೇಗ ಕಮಟುತ್ತದೆ.

ಇದರ ಜೊತೆಗೆ ನಿಮ್ಮ ಹಪ್ಪಳಕ್ಕೆ ಇನ್ನೊಂದು ತೊಂದರೆಯೂ ಆಗಿದೆ, ಅದು ಥಂಡಿ. ಮೆತ್ತಗಾಗುವುದು ನೀರಿನಿಂದ, ಕಮಟುವುದು ಎಣ್ಣೆಯಿಂದ. ಮಳೆಗಾಲದಲ್ಲಿ ಎರಡೂ ಒಟ್ಟೊಟ್ಟಿಗೆ ಕಾಣಿಸಿಕೊಳ್ಳುವುದರಿಂದ ಎರಡನ್ನೂ ಒಂದೇ ಎಂದುಕೊಂಡು ಒಂದೇ ಮದ್ದು ಮಾಡುತ್ತೇವೆ. ನಾನು ಕೆಲಸದ ಮೇಲೆ ಹೋಗುವ ಹಪ್ಪಳದ ಘಟಕಗಳಲ್ಲೂ ಇದೇ ನಡೆಯುತ್ತದೆ. ಗಿರಾಕಿ ವಾಸನೆ ಅಂತ ಮಾಲು ವಾಪಸು ಕಳಿಸಿದರೆ ಇವರು ಮತ್ತೊಂದು ದಿನ ಬಿಸಿಲಿಗೆ ಹಾಕುತ್ತಾರೆ. ಹಪ್ಪಳ ಗರಿಗರಿಯಾಗುತ್ತದೆ, ವಾಸನೆ ಮಾತ್ರ ಹೋಗುವುದಿಲ್ಲ, ಇನ್ನಷ್ಟು ಹೆಚ್ಚುತ್ತದೆ. ಒಳಗೆ ಸೇರಿದ ನೀರನ್ನು ಹೊರಗೆ ಕಳಿಸಬಹುದು. ಒಮ್ಮೆ ಕಮಟಿದ ಎಣ್ಣೆಯನ್ನು ಮತ್ತೆ ಹೊಸ ಎಣ್ಣೆ ಮಾಡಲು ಬಿಸಿಲಿಗೂ ಆಗದು, ಬೆಂಕಿಗೂ ಆಗದು.

ಆದ್ದರಿಂದ ಮೊದಲು ಮೂಗಿನಿಂದ ಬೇರ್ಪಡಿಸಿ. ಸುಡದ, ಕರಿಯದ ಒಂದು ಹಪ್ಪಳ ತೆಗೆದುಕೊಂಡು ಎರಡು ಅಂಗೈಗಳ ನಡುವೆ ಅರ್ಧ ನಿಮಿಷ ಉಜ್ಜಿ ಮೂಸಿ. ಅಂಗೈ ಬಿಸಿಗೆ ವಾಸನೆ ಬಿಟ್ಟುಕೊಳ್ಳುತ್ತದೆ. ಇಂಗು, ಮೆಣಸು, ಉದ್ದಿನ ವಾಸನೆ ಮಾತ್ರ ಬಂದರೆ ಹಪ್ಪಳದ ಎಣ್ಣೆ ಸರಿಯಾಗಿದೆ, ತಪ್ಪು ಕಾವಲಿಯದ್ದು ಅಥವಾ ಕರಿಯುವ ಎಣ್ಣೆಯದ್ದು. ಹಳೆ ಕೊಬ್ಬರಿಯ, ಬಣ್ಣದ ಡಬ್ಬಿಯ ಅಥವಾ ಸೋಪಿನ ವಾಸನೆ ಬಂದರೆ ಹಪ್ಪಳದ ಎಣ್ಣೆಯೇ ಕೆಟ್ಟಿದೆ. ಒದ್ದೆ ಗೋಣಿಚೀಲದಂಥ ಮುಗ್ಗಲು ವಾಸನೆ ಬಂದರೆ ಅದು ಬೂಷ್ಟಿನ ಸೂಚನೆ. ಆಮೇಲೆ ಡಬ್ಬ ಖಾಲಿ ಮಾಡಿ, ಐದು ನಿಮಿಷ ಮುಚ್ಚಳ ಮುಚ್ಚಿಟ್ಟು, ತೆರೆದ ತಕ್ಷಣ ಮೂಸಿ. ಎಷ್ಟೋ ಸಲ ಅಪರಾಧಿ ಅಲ್ಲೇ ಸಿಗುತ್ತಾನೆ.

ಹಲಸಿನ ಹಪ್ಪಳದ ಸೋಪಿನ ವಾಸನೆ ಬಗ್ಗೆ ಹೇಳಬೇಕು. ನೀವು ಒತ್ತುವಾಗ ಹಚ್ಚಿದ್ದು ತೆಂಗಿನೆಣ್ಣೆ ಇರಬೇಕು. ಎಣ್ಣೆ ಕೆಡಲು ಎರಡು ದಾರಿಗಳಿವೆ. ಸೂರ್ಯಕಾಂತಿ, ಕಡಲೆಕಾಯಿ ಎಣ್ಣೆಗಳು ಹೆಚ್ಚಾಗಿ ಗಾಳಿಯ ಆಮ್ಲಜನಕದಿಂದ ಕೆಡುತ್ತವೆ, ಅದರ ವಾಸನೆ ಬಣ್ಣದ ಡಬ್ಬಿಯ ಹಾಗೆ. ತೆಂಗಿನೆಣ್ಣೆ ಆಮ್ಲಜನಕಕ್ಕೆ ಅಷ್ಟು ಬೇಗ ಸೋಲುವುದಿಲ್ಲ. ಆದರೆ ಅದಕ್ಕೆ ನೀರಿನ ಅಂಶ ಸೇರಿದರೆ ಎಣ್ಣೆ ಒಡೆದು ಲಾರಿಕ್ ಆಮ್ಲ ಬಿಡುಗಡೆಯಾಗುತ್ತದೆ. ಸೋಪಿನ ರುಚಿ ಅದರದ್ದೇ. ಅಂದರೆ ನಿಮ್ಮ ಹಲಸಿನ ಹಪ್ಪಳ ಒಂದೋ ಒಳಗೆ ಪೂರ್ತಿ ಒಣಗಿರಲಿಲ್ಲ, ಇಲ್ಲವೇ ಜೂನ್ ನಂತರ ಥಂಡಿ ಎಳೆದುಕೊಂಡಿದೆ. ಮೇ ಕೊನೆಯಲ್ಲಿ ಮೋಡ ಕವಿಯಲು ಶುರುವಾದ ಮೇಲೆ ಒಣಗಿಸಿದ್ದರೆ ಮೊದಲನೆಯದೇ ಆಗಿರುವ ಸಾಧ್ಯತೆ ಹೆಚ್ಚು. ಹಲಸಿನ ಹಪ್ಪಳ ಮುರಿದರೆ ‘ಟಕ್’ ಎಂದು ಸದ್ದು ಬರಬೇಕು. ಬಗ್ಗಿ ಆಮೇಲೆ ಮುರಿದರೆ ಅದು ಡಬ್ಬಕ್ಕೆ ಸಿದ್ಧವಾಗಿಲ್ಲ.

ಉದ್ದಿನ ಹಪ್ಪಳಕ್ಕೆ ಈ ಪರೀಕ್ಷೆ ಹೊಂದುವುದಿಲ್ಲ. ಅದನ್ನು ಸದ್ದು ಬರುವಷ್ಟು ಒಣಗಿಸಬಾರದು. ಉದ್ದಿನ ಹಪ್ಪಳ ಉಬ್ಬುವುದೇ ಅದರೊಳಗಿನ ನೀರಿನಿಂದ. ಬಿಸಿ ತಾಗಿದಾಗ ಆ ನೀರು ಒಮ್ಮೆಲೇ ಆವಿಯಾಗಿ ಹಿಟ್ಟನ್ನು ಉಬ್ಬಿಸುತ್ತದೆ, ಆವಿ ಹೊರಟುಹೋದ ಮೇಲೆ ಉಬ್ಬಿದ ಹಿಟ್ಟು ಗಟ್ಟಿಯಾಗಿ ನಿಲ್ಲುತ್ತದೆ. ನೂರು ಗ್ರಾಂ ಹಪ್ಪಳದಲ್ಲಿ ಸುಮಾರು 12ರಿಂದ 15 ಗ್ರಾಂ ನೀರಿದ್ದರೆ ಸರಿ. ಅದಕ್ಕಿಂತ ತೀರಾ ಕಡಿಮೆಯಾದರೆ ಉಬ್ಬುವ ಮೊದಲೇ ಕರಕಲಾಗುತ್ತದೆ, ಡಬ್ಬದಲ್ಲೇ ಒಡೆದು ಚೂರಾಗುತ್ತದೆ. ಹೆಚ್ಚಾದರೆ ಆವಿ ಹೊರಡಲು ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಅಂಚು ಸುಟ್ಟಿರುತ್ತದೆ, ನಡುವೆ ಹಸಿಯಾಗಿ ಚರ್ಮದಂತೆ ಉಳಿಯುತ್ತದೆ. ನಿಮ್ಮ ಕರಕಲು ಅಂಚು, ಹಸಿ ನಡುವಿಗೆ ಮುಖ್ಯ ಕಾರಣ ಇದು. ಸರಿಯಾಗಿರುವ ಉದ್ದಿನ ಹಪ್ಪಳ ನಿಧಾನವಾಗಿ ಬಗ್ಗಿಸಿದರೆ ಸ್ವಲ್ಪ ಬಗ್ಗುತ್ತದೆ, ಪೂರ್ತಿ ಮಡಚಲು ಹೋದರೆ ಮುರಿಯುತ್ತದೆ.

ಇಷ್ಟು ಥಂಡಿ ಎಲ್ಲಿಂದ ಬಂತು? ಉಪ್ಪಿನಿಂದ. ಗಾಳಿಯಲ್ಲಿ ತೇವಾಂಶ ನೂರಕ್ಕೆ 75 ದಾಟಿದರೆ ಅಡುಗೆ ಉಪ್ಪು ತಾನಾಗಿ ನೀರು ಹೀರಿ ಕರಗಲು ತೊಡಗುತ್ತದೆ. ಜುಲೈನಲ್ಲಿ ಉಪ್ಪಿನ ಭರಣಿಯ ಬಾಯಲ್ಲಿ ನೀರು ಜಿನುಗುವುದನ್ನು ನೀವೇ ನೋಡಿರುತ್ತೀರಿ. ತೀರ್ಥಹಳ್ಳಿಯ ಮಳೆಗಾಲದಲ್ಲಿ ಗಾಳಿ ದಿನಗಟ್ಟಲೆ ಆ ಮಟ್ಟದ ಮೇಲೆಯೇ ಇರುತ್ತದೆ. ಉದ್ದಿನ ಹಪ್ಪಳದಲ್ಲಿ ಉಪ್ಪೂ ಇದೆ, ಹಪ್ಪಳದ ಖಾರ ಅನ್ನುವ ಕ್ಷಾರವೂ ಇದೆ. ಹೀಗಾಗಿ ಡಬ್ಬ ತೆರೆದು ಮುಚ್ಚಿದ ಪ್ರತಿ ಸಲವೂ ಅದು ಸ್ವಲ್ಪ ಸ್ವಲ್ಪ ನೀರು ಎಳೆದುಕೊಳ್ಳುತ್ತದೆ. ನಾಲ್ಕು ಕೆ.ಜಿ. ಒಂದೇ ಡಬ್ಬದಲ್ಲಿದ್ದರೆ ನಾಲ್ಕು ಹಪ್ಪಳ ಬೇಕಾದಾಗಲೆಲ್ಲ ಇಡೀ ನಾಲ್ಕು ಕೆ.ಜಿ.ಗೂ ಮಳೆಗಾಲದ ಗಾಳಿ ತಾಗಿಸಿದಂತಾಯಿತು.

ಈಗ ನಿಮ್ಮ ಅತ್ತೆಯವರ ಮಾತು. ಏಪ್ರಿಲ್‌ನಲ್ಲಾದರೆ ಅದು ಸರಿ, ಆಗಸ್ಟ್‌ನಲ್ಲಿ ಅಲ್ಲ. ಮಳೆ ನಡುವೆ ಒಂದು ಗಂಟೆ ಇಣುಕುವ ಬಿಸಿಲಿಗೆ ಗಾಳಿಯ ತೇವ ಇಳಿಯುವುದಿಲ್ಲ. ಹಪ್ಪಳ ಹರವಿ ಒಳಗೆ ಹೋಗಿ ಬರುವಷ್ಟರಲ್ಲಿ ಮೋಡ ಕವಿದರೆ ಒಣಗುವ ಬದಲು ಇನ್ನಷ್ಟು ಥಂಡಿ ಹಿಡಿದಿರುತ್ತದೆ. ಇನ್ನೊಂದು ಸಂಗತಿ: ಬೆಳಕು, ಅದರಲ್ಲೂ ನೇರ ಬಿಸಿಲು, ಎಣ್ಣೆ ಕಮಟುವುದನ್ನು ಚುರುಕುಗೊಳಿಸುತ್ತದೆ. ಹಪ್ಪಳ ಮಾಡಿದ ವಾರ ಒಣಗಿಸಲು ಬಿಸಿಲು ಬೇಕೇ ಬೇಕು. ಆಮೇಲೆ ತಿಂಗಳಿಗೊಮ್ಮೆ ‘ಬಿಸಿಲು ತೋರಿಸುವ’ ಪದ್ಧತಿ ಎಣ್ಣೆ ಹಚ್ಚಿದ ಹಪ್ಪಳಕ್ಕೆ ಒಳ್ಳೆಯದಲ್ಲ. ಎಣ್ಣೆ ಸೋಕದ ಅಕ್ಕಿ ಸಂಡಿಗೆ, ಅರಳು ಸಂಡಿಗೆಗೆ ಆ ಭಯವಿಲ್ಲ, ಅವನ್ನು ಎಷ್ಟು ಸಲ ಬೇಕಾದರೂ ಹಾಕಿ.

ಹಿಂದಿನವರು ಮಲೆನಾಡಿನಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಹಪ್ಪಳದ ಡಬ್ಬ ಇಡುತ್ತಿದ್ದರು. ಅದು ಬರೀ ಜಾಗದ ಅನುಕೂಲಕ್ಕಲ್ಲ. ದಿನವಿಡೀ ಒಲೆ ಉರಿಯುವ ಜಾಗದಲ್ಲಿ ಗಾಳಿ ಒಣಗಿರುತ್ತದೆ, ಅಡುಗೆಮನೆಯ ಬೇರೆ ಮೂಲೆಗಿಂತ ಬೆಳಕೂ ಕಡಿಮೆ. ನಿಮ್ಮ ಮನೆಯಲ್ಲಿ ಸೌದೆ ಒಲೆ ಇನ್ನೂ ಉರಿಯುತ್ತಿದ್ದರೆ ಅದನ್ನೇ ಬಳಸಿಕೊಳ್ಳಿ. ಗ್ಯಾಸ್ ಒಲೆಯ ಮೇಲಿನ ಕಪಾಟು ಅದಕ್ಕೆ ಬದಲಿ ಅಲ್ಲ. ಗ್ಯಾಸ್ ಉರಿದಾಗ ನೀರಿನ ಆವಿಯೂ ಹುಟ್ಟುತ್ತದೆ, ಕುದಿಯುವ ಪಾತ್ರೆಗಳ ಹಬೆಯೂ ಅಲ್ಲಿಗೇ ಏರುತ್ತದೆ. ಹಪ್ಪಳ ಇಡಲು ಅಡುಗೆಮನೆಯಲ್ಲಿ ಅದರಷ್ಟು ಕೆಟ್ಟ ಜಾಗ ಇನ್ನೊಂದಿಲ್ಲ.

ಅಕ್ಕನ ಮಾತೂ ಅರ್ಧ ಸರಿ. ತಂಪಿನಲ್ಲಿ ಎಣ್ಣೆ ಕಮಟುವುದು ನಿಧಾನವಾಗುತ್ತದೆ, ಇದರಲ್ಲಿ ಅನುಮಾನವಿಲ್ಲ. ಆದರೆ ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಹಪ್ಪಳಕ್ಕೆ ಹೊರಗಿನ ಗಾಳಿ ತಾಗಿದೊಡನೆ ಅದರ ಮೇಲೆ ನೀರು ಕಟ್ಟುತ್ತದೆ. ಅರ್ಧ ಕಟ್ಟು ಉಪಯೋಗಿಸಿ ಉಳಿದದ್ದನ್ನು ವಾಪಸು ಇಟ್ಟರೆ ಎರಡು ವಾರಕ್ಕೆ ಎಲ್ಲ ಮೆತ್ತಗೆ. ಫ್ರಿಜ್ಜು ಬಳಸುವುದಾದರೆ ಒಂದು ಊಟಕ್ಕೆ ಸಾಕಾಗುವಷ್ಟು, ಅಂದರೆ ಹತ್ತು ಹನ್ನೆರಡರ ಕಟ್ಟು ಮಾಡಿ, ಒಂದೊಂದನ್ನೂ ದಪ್ಪ ಜಿಪ್ ಚೀಲದಲ್ಲಿ ಗಾಳಿ ಒತ್ತಿ ಮುಚ್ಚಿ. ಹೊರ ತೆಗೆದ ಮೇಲೆ ಒಂದು ಗಂಟೆ ಹಾಗೇ ಬಿಟ್ಟು, ಚೀಲದ ತಣ್ಣಗು ಹೋದ ಬಳಿಕವೇ ಬಾಯಿ ಬಿಚ್ಚಿ. ಬಿಚ್ಚಿದ್ದನ್ನು ಮತ್ತೆ ಒಳಗಿಡಬೇಡಿ. ಇಷ್ಟು ಶಿಸ್ತು ಮನೆಯಲ್ಲಿ ನಡೆಯುವುದಿಲ್ಲ ಎನಿಸಿದರೆ ಫ್ರಿಜ್ಜು ಬೇಡ.

ಪ್ಲಾಸ್ಟಿಕ್ ಕವರಿನ ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ಪಾಲಿಥೀನ್ ನೀರಿನ ಆವಿಯನ್ನು ಸಾಕಷ್ಟು ತಡೆಯುತ್ತದೆ, ಆಮ್ಲಜನಕವನ್ನು ತಡೆಯುವುದಿಲ್ಲ. ಗಾಳಿ ಅದರ ಮೂಲಕ ಸುಮ್ಮನೆ ನುಗ್ಗುತ್ತದೆ. ಹೀಗಾಗಿ ಕವರಿನ ಬಾಯಿ ಎಷ್ಟು ಬಿಗಿಯಾಗಿ ಕಟ್ಟಿದ್ದರೂ ಹಪ್ಪಳ ಗರಿಯಾಗಿದ್ದುಕೊಂಡೇ ಕಮಟಬಹುದು. ಅಂಗಡಿಯಿಂದ ತಂದ ಹಪ್ಪಳ ಬೇಸಿಗೆಯಲ್ಲೂ ಕೆಲವೊಮ್ಮೆ ವಾಸನೆ ಬರುವುದು ಇದಕ್ಕೇ. ಸ್ಟೀಲ್ ಡಬ್ಬ ಅಥವಾ ಗಾಜಿನ ಭರಣಿ ಎರಡನ್ನೂ ತಡೆಯುತ್ತದೆ, ಮುಚ್ಚಳ ಬಿಗಿಯಾಗಿದ್ದರೆ. ಗಾಜಾದರೆ ಕತ್ತಲಲ್ಲಿಡಿ. ಡಬ್ಬ ಎಷ್ಟು ಖಾಲಿ ಇರುತ್ತದೋ ಅಷ್ಟು ಗಾಳಿ ಒಳಗಿರುತ್ತದೆ, ಹಾಗಾಗಿ ಖರ್ಚಾದಂತೆ ಸಣ್ಣ ಡಬ್ಬಕ್ಕೆ ಬದಲಾಯಿಸಿ.

ನಿಮ್ಮ ಹಳೆಯ ಬಿಸ್ಕತ್ತಿನ ಡಬ್ಬದ ಮೇಲೆ ನನಗೆ ಬಲವಾದ ಅನುಮಾನ. ಕಳೆದ ವರ್ಷದ ಹಪ್ಪಳದ ಎಣ್ಣೆ ಅದರ ಗೋಡೆಗೆ, ಮುಚ್ಚಳದ ಅಂಚಿಗೆ ಜಿಡ್ಡಾಗಿ ಅಂಟಿರುತ್ತದೆ. ಕಮಟಿದ ಎಣ್ಣೆಯ ಜಿಡ್ಡು ಹೊಸ ಎಣ್ಣೆಗೆ ತಾಗಿದರೆ ಹೊಸದೂ ಬೇಗ ಕಮಟುತ್ತದೆ, ಮಜ್ಜಿಗೆಯ ಹೆಪ್ಪು ಹಾಲಿಗೆ ಬಿದ್ದ ಹಾಗೆ. ಡಬ್ಬದ ಒಳಗೆ ತುಕ್ಕು ಹಿಡಿದಿದ್ದರೆ ಇನ್ನೂ ಕೆಟ್ಟದ್ದು, ಕಬ್ಬಿಣದ ಅಂಶವೇ ಎಣ್ಣೆಯನ್ನು ಕೆಡಿಸುವುದಕ್ಕೆ ವೇಗ ಕೊಡುತ್ತದೆ. ತುಕ್ಕು ಕಂಡ ಡಬ್ಬವನ್ನು ಹಪ್ಪಳಕ್ಕೆ ಬಳಸಬೇಡಿ. ತುಕ್ಕಿಲ್ಲದಿದ್ದರೆ ಬಿಸಿ ನೀರಿಗೆ ಒಂದೆರಡು ಚಮಚ ವಾಷಿಂಗ್ ಸೋಡಾ ಹಾಕಿ, ಅರ್ಧ ಗಂಟೆ ನೆನೆಸಿ, ಮುಚ್ಚಳದ ಅಂಚನ್ನು ಬ್ರಷ್ಷಿನಿಂದ ಉಜ್ಜಿ ತೊಳೆದು, ಪೂರ್ತಿ ಒಣಗಿಸಿ. ಸೋಡಾ ಅಲ್ಯೂಮಿನಿಯಂ ಪಾತ್ರೆಯನ್ನು ಕಪ್ಪು ಮಾಡುತ್ತದೆ, ಅದಕ್ಕೆ ಬಳಸಬೇಡಿ. ತಳಕ್ಕೆ ಹಾಸುವ ಸುದ್ದಿಪತ್ರಿಕೆಯ ಹಾಳೆಯನ್ನೂ ಬಿಟ್ಟುಬಿಡಿ. ಅದು ಎಣ್ಣೆ ಹೀರಿಕೊಂಡು ಅಲ್ಲೇ ಕಮಟುತ್ತದೆ, ಮೇಲಾಗಿ ಮುದ್ರಣದ ಶಾಯಿ ತಿನ್ನುವ ವಸ್ತುವಿಗೆ ತಾಗಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಪ್ಯಾಕಿಂಗ್ ನಿಯಮಗಳೇ ಸುದ್ದಿಪತ್ರಿಕೆಯನ್ನು ನಿಷೇಧಿಸಿವೆ.

ಡಬ್ಬದಲ್ಲಿ ಅಕ್ಕಿ ಹಾಕಿಡುವುದರಿಂದ ಹೆಚ್ಚು ಉಪಯೋಗವಿಲ್ಲ. ಮಳೆಗಾಲದ ಅಕ್ಕಿಯಲ್ಲೇ ಸಾಕಷ್ಟು ತೇವ ಇರುತ್ತದೆ. ಇಂಗು, ಒಣಮೆಣಸಿನಕಾಯಿ ಹಾಕುವವರು ಹುಳದ ಭಯಕ್ಕೆ ಹಾಕುತ್ತಾರೆ, ಥಂಡಿಗೂ ಅದಕ್ಕೂ ಸಂಬಂಧವಿಲ್ಲ.

ಇನ್ನು ಈಗಿರುವ ಹಪ್ಪಳಕ್ಕೆ ಬರೋಣ. ಎಲ್ಲವನ್ನೂ ಒಣ ಬಟ್ಟೆಯ ಮೇಲೆ ಸುರಿದು ಮೂರು ಪಾಲು ಮಾಡಿ. ಬಿಳಿ ಅಥವಾ ಹಸಿರು ಚುಕ್ಕೆ ಇರುವುದು, ಮುಗ್ಗಲು ವಾಸನೆ ಬರುವುದು ಒಂದು ಪಾಲು. ಇದನ್ನು ಒರೆಸಿ, ಒಣಗಿಸಿ, ಸುಟ್ಟು ತಿನ್ನುವ ಯೋಚನೆ ಬೇಡ. ಕೆಲವು ಬೂಷ್ಟುಗಳು ಬಿಡುವ ವಿಷ ಹಪ್ಪಳ ಸುಡುವ ಬಿಸಿಗೆ ನಾಶವಾಗುವುದಿಲ್ಲ. ದನಕ್ಕೂ ಹಾಕಬೇಡಿ. ಕಮಟು ಅಥವಾ ಸೋಪಿನ ವಾಸನೆ ಬರುವುದು ಎರಡನೇ ಪಾಲು. ಗೊತ್ತಿಲ್ಲದೆ ಒಂದೆರಡು ತಿಂದಿದ್ದರೆ ಗಾಬರಿ ಬೇಡ, ಆದರೆ ಉಳಿಸಿಕೊಳ್ಳುವ ಉಪಾಯ ಯಾವುದೂ ಇಲ್ಲ. ಖಾರ ಹಚ್ಚಿ, ಮಸಾಲೆ ಹಪ್ಪಳ ಮಾಡಿ ಮುಚ್ಚಿಡುವುದುಂಟು. ಮೊದಲ ತುತ್ತಿಗೆ ಮುಚ್ಚಿಹೋಗುತ್ತದೆ, ನುಂಗಿದ ಮೇಲೆ ಗಂಟಲಲ್ಲಿ ಉಳಿಯುತ್ತದೆ. ನಿಮ್ಮ ಹಲಸಿನ ಹಪ್ಪಳದ ಬಹುಪಾಲು ಇಲ್ಲಿಗೇ ಸೇರುತ್ತದೆ ಎಂದು ಹೇಳಲು ಬೇಸರ, ಹಲಸಿನ ಹಪ್ಪಳದ ಹಿಂದಿನ ಕೆಲಸ ಎಷ್ಟೆಂದು ಗೊತ್ತಿದ್ದೇ ಹೇಳುತ್ತಿದ್ದೇನೆ.

ಬರೀ ಮೆತ್ತಗಾಗಿದ್ದು, ವಾಸನೆ ಸರಿಯಿರುವುದು ಮೂರನೇ ಪಾಲು. ಇದನ್ನು ಪೂರ್ತಿ ಉಳಿಸಬಹುದು. ಎಷ್ಟು ಒಣಗಿಸಬೇಕು ಅನ್ನುವುದೇ ಇಲ್ಲಿ ಕಷ್ಟ, ಅದಕ್ಕೆ ಅಡುಗೆಮನೆಯ ತಕ್ಕಡಿ ಸಾಕು. ಲೆಕ್ಕ ಹೀಗೆ: ಮಾರ್ಚ್‌ನಲ್ಲಿ 250 ಗ್ರಾಂನ ಕಟ್ಟು ಮಾಡಿದಾಗ ಅದರಲ್ಲಿ ನೂರಕ್ಕೆ 14ರಷ್ಟು ನೀರಿತ್ತು ಎಂದುಕೊಳ್ಳಿ. ಅಂದರೆ 35 ಗ್ರಾಂ ನೀರು, 215 ಗ್ರಾಂ ಒಣ ಪದಾರ್ಥ. ಒಣ ಪದಾರ್ಥ ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. ಅದೇ ಕಟ್ಟು ಆಗಸ್ಟ್‌ನಲ್ಲಿ 256 ಗ್ರಾಂ ತೂಗಿದರೆ ನೀರು ನೂರಕ್ಕೆ 16 ಆಗಿದೆ, ಸುಡಲು ಬರುತ್ತದೆ, ಆದರೆ ಗರಿ ಕಡಿಮೆ. 262 ತೂಗಿದರೆ ನೂರಕ್ಕೆ 18, ಬಟ್ಟೆಯ ಹಾಗೆ ಬಗ್ಗುವುದು ಈ ಹಂತದಲ್ಲಿ. ಹಾಗೇ ಬಿಟ್ಟರೆ ಮುಂದಿನದು ಬೂಷ್ಟು. ಮತ್ತೆ 250ಕ್ಕೆ ಇಳಿಯುವವರೆಗೆ ಒಣಗಿಸಿ ನಿಲ್ಲಿಸಿದರೆ ಸರಿ. ಈ ಸಲ ನೀವು ತೂಗಿಟ್ಟಿಲ್ಲದಿದ್ದರೆ ಬಗ್ಗಿಸಿ ಮುರಿಯುವ ಪರೀಕ್ಷೆಯೇ ಗತಿ. ಮುಂದಿನ ಸಲ ಪ್ರತಿ ಕಟ್ಟಿನ ಮೇಲೆ ತೂಕ, ತಾರೀಖು ಎರಡನ್ನೂ ಬರೆದಿಡಿ.

ಒಣಗಿಸುವುದು ಹೇಗೆ? ಓವನ್ ಇದ್ದರೆ 50ರಿಂದ 60 ಡಿಗ್ರಿಗೆ ಇಟ್ಟು, ಜಾಲರಿಯ ಮೇಲೆ ಒಂದೊಂದೇ ಪದರ ಹರವಿ, ಬಾಗಿಲನ್ನು ಒಂದು ಬೆರಳಷ್ಟು ತೆರೆದಿಡಿ. ಇಲ್ಲದಿದ್ದರೆ ಆವಿ ಒಳಗೇ ಸುತ್ತುತ್ತದೆ. ಹದಿನೈದು ನಿಮಿಷಕ್ಕೊಮ್ಮೆ ತೆಗೆದು ತೂಗಿ. ಅದಕ್ಕಿಂತ ಹೆಚ್ಚಿನ ಬಿಸಿ ಬೇಡ, ಅಂಚು ಒಣಗಿ ಸುರುಟಿಕೊಳ್ಳುತ್ತದೆ, ನಡುವೆ ಹಾಗೇ ಉಳಿಯುತ್ತದೆ. ಸೌದೆ ಒಲೆಯಿದ್ದರೆ ಅಡುಗೆಯಾದ ಮೇಲೆ ಕೆಂಡ ಆರುವ ಹೊತ್ತಿಗೆ, ಕೈ ಇಟ್ಟರೆ ಹಿತವಾದ ಬಿಸಿ ತಾಗುವಷ್ಟು ಎತ್ತರದಲ್ಲಿ, ಬಿದಿರಿನ ಜರಡಿಯಲ್ಲಿ ಹರವಿದರೆ ಅಷ್ಟೇ ಕೆಲಸ ಆಗುತ್ತದೆ. ಯಾವ ರೀತಿ ಒಣಗಿಸಿದರೂ ಪೂರ್ತಿ ಆರಿದ ಮೇಲೆ ಡಬ್ಬಕ್ಕೆ ಹಾಕಿ. ಬಿಸಿಯಿರುವಾಗ ಮುಚ್ಚಿದರೆ ಮುಚ್ಚಳದ ಒಳಗೆ ಬೆವರುತ್ತದೆ. ಆರಲು ಹತ್ತು ನಿಮಿಷ ಸಾಕು, ಮಳೆಗಾಲದಲ್ಲಿ ರಾತ್ರಿಯಿಡೀ ಬಿಡಬೇಡಿ. ಹೀಗೆ ಒಣಗಿಸಿದ್ದನ್ನು ಗಣೇಶನ ಹಬ್ಬ, ದಸರೆಯೊಳಗೆ ಮುಗಿಸಿಬಿಡಿ, ಮತ್ತೊಂದು ವರ್ಷಕ್ಕೆ ಇಡುವ ಮಾಲಲ್ಲ ಅದು.

ಸುಡುವುದರಲ್ಲಿ ನಿಮ್ಮ ಮನೆಯಲ್ಲಿ ಬದಲಾಗಬೇಕಾದ್ದು ದೋಸೆ ಕಾವಲಿ. ಕಬ್ಬಿಣದ ಕಾವಲಿಯ ಮೇಲೆ ದೋಸೆಯ ಎಣ್ಣೆ ಪದರ ಪದರವಾಗಿ ಕೂತಿರುತ್ತದೆ. ಕಾದು ಗಟ್ಟಿಯಾದ ಕಪ್ಪು ಪದರದಿಂದ ತೊಂದರೆಯಿಲ್ಲ, ಅದರ ಮೇಲೆ ಅಂಟಂಟಾಗಿ ಉಳಿದಿರುವ ನಿನ್ನೆ ಮೊನ್ನೆಯ ಎಣ್ಣೆ ಹಪ್ಪಳಕ್ಕೆ ಹತ್ತುತ್ತದೆ. ಒಣ ಹಪ್ಪಳ ಎಣ್ಣೆಯನ್ನು ಚೆನ್ನಾಗಿ ಹೀರುತ್ತದೆ. ಕಾವಲಿಯೇ ಬೇಕೆಂದರೆ ಚಪಾತಿಗೆ ಬಳಸುವ, ಎಣ್ಣೆ ಕಾಣದ ಬೇರೆ ಕಾವಲಿ ಇಟ್ಟುಕೊಳ್ಳಿ, ಮಡಚಿದ ಹತ್ತಿ ಬಟ್ಟೆಯಿಂದ ಒತ್ತುತ್ತಾ ತಿರುಗಿಸಿ. ಗ್ಯಾಸಿನ ಮೇಲಿಡುವ ಸುಡುವ ಜಾಲರಿಗೂ ಇದೇ ಮಾತು. ಬದನೆಕಾಯಿ ಸುಟ್ಟ ಜಾಲರಿಯಲ್ಲಿ ಹಪ್ಪಳ ಸುಟ್ಟರೆ ಬದನೆಕಾಯಿಯ ಹೊಗೆಯೂ ಬರುತ್ತದೆ.

ನೇರ ಉರಿಯಲ್ಲಿ ಸುಡುವುದೇ ನನ್ನ ಇಷ್ಟ. ನಡು ಉರಿ, ಹಪ್ಪಳ ಉರಿಯ ತುದಿಯಿಂದ ಎರಡು ಬೆರಳಷ್ಟು ಮೇಲೆ. ಇಕ್ಕಳದಲ್ಲಿ ಒಂದು ಅಂಚು ಹಿಡಿದು ಮೊದಲು ಎರಡೂ ಬದಿಯನ್ನು ಎರಡು ಮೂರು ಸೆಕೆಂಡು ಬೆಚ್ಚಗೆ ಮಾಡಿ, ಬಣ್ಣ ಬದಲಾಗುವ ಮೊದಲೇ ತಿರುಗಿಸಿ. ಈ ಬೆಚ್ಚಗೆ ಮಾಡುವ ಹಂತವನ್ನು ಹೆಚ್ಚಿನವರು ಬಿಡುತ್ತಾರೆ. ಅದರಿಂದ ನಡುಭಾಗವೂ ಅಂಚಿನ ಜೊತೆಜೊತೆಗೆ ಬಿಸಿಯಾಗುತ್ತದೆ. ಆಮೇಲೆ ನಡುವಿನಿಂದ ಶುರುಮಾಡಿ, ಅಂಚನ್ನು ಕೊನೆಗೆ, ಬೇಗ ಬೇಗ ಮುಗಿಸಿ. ಬೊಬ್ಬೆ ಎದ್ದು ಹಸಿಬಣ್ಣ ಹೋದ ಕೂಡಲೇ ಮುಂದಕ್ಕೆ ಸರಿಸಿ, ಇಕ್ಕಳದ ಜಾಗ ಬದಲಿಸಿ ಹಿಡಿದಿದ್ದ ಅಂಚನ್ನೂ ಸುಡಿ. ಕೆಂಡದ ಮೇಲೆ ಸುಟ್ಟ ಹಪ್ಪಳ ಹೆಚ್ಚು ಹೊತ್ತು ಗರಿಯಾಗಿರುತ್ತದೆ ಅನ್ನುವುದು ಸುಳ್ಳಲ್ಲ. ಕೆಂಡದ ಬಿಸಿ ಒಣ ಬಿಸಿ, ಗ್ಯಾಸಿನ ಉರಿಯಲ್ಲಿ ಮೊದಲೇ ಹೇಳಿದ ಹಾಗೆ ಆವಿಯೂ ಇರುತ್ತದೆ.

ಮೈಕ್ರೊವೇವ್ ಕೂಡ ಆಗುತ್ತದೆ, ಉದ್ದಿನ ಹಪ್ಪಳಕ್ಕೆ ಮಾತ್ರ. ಅದು ಬಿಸಿ ಮಾಡುವುದು ಮುಖ್ಯವಾಗಿ ಒಳಗಿನ ನೀರನ್ನು, ಹೀಗಾಗಿ ಸದ್ದು ಬರುವಷ್ಟು ಒಣಗಿದ ಹಲಸಿನ ಹಪ್ಪಳ ಅದರಲ್ಲಿ ಸರಿಯಾಗಿ ಉಬ್ಬುವುದಿಲ್ಲ. ಒಂದೊಂದೇ ಹಪ್ಪಳ, ಮೊದಲು ಮೂವತ್ತು ಸೆಕೆಂಡು, ಆಮೇಲೆ ಹತ್ತು ಹತ್ತು ಸೆಕೆಂಡು. ಕಣ್ಣು ಬಿಟ್ಟರೆ ನಡುವೆ ಒಂದೇ ಕಡೆ ಸುಟ್ಟು ತೂತಾಗುತ್ತದೆ.

ಸುಟ್ಟ ಕೂಡಲೇ ತಟ್ಟೆಯಲ್ಲಿ ಒಂದರ ಮೇಲೊಂದು ಪೇರಿಸುವುದು ಊಟಕ್ಕೆ ಮೊದಲೇ ಹಪ್ಪಳ ಮೆತ್ತಗಾಗಲು ದೊಡ್ಡ ಕಾರಣ. ಇನ್ನೂ ಹೊರಡುತ್ತಿರುವ ಆವಿ ಮೇಲಿನ ಹಪ್ಪಳಕ್ಕೆ ಸೇರುತ್ತದೆ. ಒಂದೆರಡು ನಿಮಿಷ ಜಾಲರಿಯ ಮೇಲೆ, ಅಥವಾ ಬುಟ್ಟಿಯಲ್ಲಿ ಅಂಚಿನ ಮೇಲೆ ನಿಲ್ಲಿಸಿಡಿ.

ಕರಿಯುವಾಗ ಎಣ್ಣೆ ಸಾಕಷ್ಟು ಕಾದಿರಲಿ. ಹಪ್ಪಳದ ಸಣ್ಣ ಚೂರು ಹಾಕಿದರೆ ತಳ ಮುಟ್ಟಿದ ತಕ್ಷಣ ಉಬ್ಬಿ ಮೇಲೆ ಬರಬೇಕು. ಕಾಯದ ಎಣ್ಣೆಯಲ್ಲಿ ಬಿಟ್ಟ ಹಪ್ಪಳ ಉಬ್ಬುವ ಬದಲು ಎಣ್ಣೆ ಕುಡಿಯುತ್ತದೆ. ಇಲ್ಲಿ ಉದ್ದಿನ ಹಪ್ಪಳದ್ದೇ ಒಂದು ವಿಶೇಷ ಇದೆ. ಅದರಲ್ಲಿರುವ ಖಾರ ಸೋಡಿಯಂ ಕಾರ್ಬೊನೇಟ್ ಮುಖ್ಯವಾಗಿರುವ ಕ್ಷಾರ. ಅದು ಎಣ್ಣೆಯಲ್ಲಿ ಬಿಡುಗಡೆಯಾಗಿರುವ ಆಮ್ಲದ ಜೊತೆ ಸೇರಿ ಒಂದಿಷ್ಟು ಸೋಪಾಗುತ್ತದೆ. ಹಪ್ಪಳ ಕರಿದ ಎಣ್ಣೆ ಮುಂದಿನ ಸಲ ಕಾಯಿಸಿದಾಗ ನೊರೆ ಬರುವುದು, ಬೇಗ ಕಪ್ಪಾಗುವುದು ಇದಕ್ಕೆ. ಹಬ್ಬದ ದಿನ ವಡೆ, ಪೂರಿ ಮುಗಿಸಿ ಕೊನೆಗೆ ಹಪ್ಪಳ ಕರಿಯುವುದು ವಾಡಿಕೆ. ಎಣ್ಣೆ ಉಳಿಸುವ ದೃಷ್ಟಿಯಿಂದ ಜಾಣತನವೇ, ಹಪ್ಪಳದ ರುಚಿಯ ದೃಷ್ಟಿಯಿಂದ ಅಲ್ಲ. ಅಷ್ಟು ಹೊತ್ತಿಗೆ ದಣಿದ ಎಣ್ಣೆಯನ್ನು ಹಪ್ಪಳವೇ ಎಲ್ಲಕ್ಕಿಂತ ಹೆಚ್ಚು ಮೈಮೇಲೆ ಹೊತ್ತುಕೊಳ್ಳುತ್ತದೆ. ಚಿಕ್ಕ ಬಾಣಲೆಯಲ್ಲಿ ಸ್ವಲ್ಪ ಹೊಸ ಎಣ್ಣೆ ಇಟ್ಟು ಬೇರೆಯೇ ಕರಿದು, ಉಳಿದದ್ದನ್ನು ಸೋಸಿ ಎರಡು ದಿನದೊಳಗೆ ಒಗ್ಗರಣೆಗೆ ಮುಗಿಸಿ. ಹೊಸ ಎಣ್ಣೆಯ ಡಬ್ಬಕ್ಕೆ ಮಾತ್ರ ವಾಪಸು ಸುರಿಯಬೇಡಿ. ಹೋಟೆಲುಗಳಿಗೆ ಕರಿದ ಎಣ್ಣೆಯ ಮಿತಿ ಹಾಕಿ 2018ರಿಂದ ಕಾನೂನೇ ಇದೆ, ಮತ್ತೆ ಮತ್ತೆ ಕಾಯಿಸಿದಾಗ ಎಣ್ಣೆ ಕೆಟ್ಟು ಹುಟ್ಟುವ ಪೋಲಾರ್ ಅಂಶ ನೂರಕ್ಕೆ 25 ದಾಟಿದ ಎಣ್ಣೆ ಬಳಸುವಂತಿಲ್ಲ. ಮನೆಯಲ್ಲಿ ಅದನ್ನು ಅಳೆಯಲಾಗದು. ನೊರೆ, ಅಂಟು, ಮೊದಲಿಗಿಂತ ಬೇಗ ಹೊಗೆ ಏಳುವುದು, ಇವುಗಳಲ್ಲಿ ಒಂದು ಕಂಡರೂ ಚೆಲ್ಲಿ.

ಕರಿದ ಹಪ್ಪಳವನ್ನು ದಿನಗಟ್ಟಲೆ ಇಡುವ ಆಸೆ ಬಿಡುವುದು ಒಳ್ಳೆಯದು. ಸಾವಿರ ಬೊಬ್ಬೆಗಳ ಮೇಲೂ ಎಣ್ಣೆ ಹರಡಿರುತ್ತದೆ, ಒಳಗೆ ನೀರೇ ಇಲ್ಲದ್ದರಿಂದ ಗಾಳಿಯ ಥಂಡಿಯನ್ನು ಆತುರದಿಂದ ಎಳೆಯುತ್ತದೆ. ಬಿಗಿ ಡಬ್ಬದಲ್ಲಿ ಬೇಸಿಗೆಯಲ್ಲಿ ಎರಡು ಮೂರು ದಿನ, ಮಳೆಗಾಲದಲ್ಲಿ ಅಂದಿನದು ಅಂದಿಗೆ. ಇಡಲೇಬೇಕಾದರೆ ಎಣ್ಣೆ ಬಸಿಯಲು ಕಾಗದದ ಮೇಲೆ ಮಲಗಿಸುವ ಬದಲು ತೂತಿನ ಬುಟ್ಟಿಯಲ್ಲಿ ಅಂಚಿನ ಮೇಲೆ ನಿಲ್ಲಿಸಿ, ಪೂರ್ತಿ ಆರಿದ ಮೇಲೆ ಡಬ್ಬಕ್ಕೆ ಹಾಕಿ. ಮೆತ್ತಗಾದರೆ ಮತ್ತೆ ಎಣ್ಣೆಗೆ ಬಿಡಬೇಡಿ, ಬಿಸಿ ಒಣ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಒಂದು ನಿಮಿಷ ಇಟ್ಟರೆ ಗರಿ ಮರಳುತ್ತದೆ.

ಮುಂದಿನ ಮಾರ್ಚ್‌ಗೆ ಒಂದೇ ಬದಲಾವಣೆ ಮಾಡುತ್ತೇನೆ ಅಂದರೆ ಎಣ್ಣೆಯನ್ನು ಬದಲಿಸಿ ಅನ್ನುತ್ತೇನೆ. ಲಟ್ಟಿಸಲು ಮನೆಯಲ್ಲಿ ಉಳಿದ ಎಣ್ಣೆ, ಬಾಣಲೆಯಿಂದ ಸೋಸಿಟ್ಟ ಎಣ್ಣೆ ತೆಗೆಯುವ ಅಭ್ಯಾಸ ಎಷ್ಟೋ ಮನೆಗಳಲ್ಲಿದೆ. ‘ಮಣೆಗೆ ಸವರಲು ತಾನೇ’ ಅಂತ. ಆಗಸ್ಟ್‌ನ ವಾಸನೆ ನಿಶ್ಚಯವಾಗುವುದು ಆ ದಿನವೇ. ಅಂದೇ ಬಾಯಿ ಒಡೆದ ಎಳ್ಳೆಣ್ಣೆ ತನ್ನಿ. ಎಳ್ಳಿನಲ್ಲೇ ಇರುವ ಕೆಲವು ಪದಾರ್ಥಗಳು ಅದನ್ನು ಬೇಗ ಕಮಟಲು ಬಿಡುವುದಿಲ್ಲ. ಎಳ್ಳಿನ ವಾಸನೆ ಇಷ್ಟವಿಲ್ಲದವರಿಗೆ ಕಡಲೆಕಾಯಿ ಎಣ್ಣೆ ಆಗಬಹುದು, ಸೂರ್ಯಕಾಂತಿ ಬೇಡ. ಹಿಟ್ಟು ಕುಟ್ಟುವಾಗ ಎಣ್ಣೆ ಬೇಕೇ ಬೇಕು, ಲಟ್ಟಿಸುವಾಗ ಅದರ ಬದಲು ಉದ್ದಿನ ಹಿಟ್ಟನ್ನೇ ತೆಳ್ಳಗೆ ಉದುರಿಸಿಕೊಂಡರೆ ಮೇಲ್ಮೈ ಎಣ್ಣೆ ಬಹಳಷ್ಟು ಕಡಿಮೆಯಾಗುತ್ತದೆ. ಒಣಗಿದ ಮೇಲೆ ಹಿಟ್ಟನ್ನು ಒಣ ಬಟ್ಟೆಯಿಂದ ಒರೆಸಿಬಿಡಿ, ಇಲ್ಲದಿದ್ದರೆ ಕರಿಯುವಾಗ ಅದು ಎಣ್ಣೆಯಲ್ಲಿ ಉದುರಿ ಸೀಯುತ್ತದೆ. ಹಲಸಿನ ಹಪ್ಪಳಕ್ಕೆ ತೆಂಗಿನೆಣ್ಣೆಯೇ ಇರಲಿ, ಕೈಗೆ ಹತ್ತುವಷ್ಟು ಮಾತ್ರ, ಹಾಳೆಯ ಮೇಲೆ ಹೊಳೆಯುವಷ್ಟಲ್ಲ. ಮತ್ತು ಅದನ್ನು ಮೇ ಕೊನೆಗೆ ಬಿಡದೆ, ಕಾಯಿ ಬಲಿತ ಕೂಡಲೇ ಏಪ್ರಿಲ್‌ನಲ್ಲೇ ಒತ್ತಿ ಮುಗಿಸಿ.